ಅಂಟಿಲ್ಲದ ಹಿಟ್ಟಿಗೆ ಒಂದು ಗ್ರಾಂ ಅಂಟು

ಅಕ್ಕನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆಯೆಂದು ಗೊತ್ತಾದ ವರ್ಷ, ಅವಳ ಹುಟ್ಟುಹಬ್ಬಕ್ಕೆ ನಾನು ಮೈದಾ ಬದಲು ಅಕ್ಕಿಹಿಟ್ಟು ಹಾಕಿ ಕೇಕ್ ಮಾಡಿದೆ. ಉಳಿದ ಅಳತೆಯೆಲ್ಲ ಮಾಮೂಲಿ ಮೈದಾ ಕೇಕಿನದೇ. ಓವನ್ನಿನಲ್ಲಿ ಇರುವಷ್ಟು ಹೊತ್ತು ಚೆನ್ನಾಗಿಯೇ ಉಬ್ಬಿತ್ತು. ಹೊರಗೆ ತೆಗೆದು ಹತ್ತು ನಿಮಿಷಕ್ಕೆ ನಡುಭಾಗ ಕುಸಿಯಿತು. ಚಾಕು ಇಟ್ಟರೆ ಹೋಳು ಬರಲಿಲ್ಲ, ಪುಡಿ ಉದುರಿತು. ಒಂದು ಚೂರು ಬಾಯಿಗಿಟ್ಟುಕೊಂಡ ಹುಡುಗಿ, "ಚಿಕ್ಕಮ್ಮಾ, ರುಚಿ ಚೆನ್ನಾಗಿದೆ, ಆದ್ರೆ ಮರಳು ಮರಳಾಗಿದೆ" ಅಂದಳು.

ಕುಸಿತ, ಉದುರು, ಮರಳು. ಗ್ಲುಟನ್ ಇಲ್ಲದ ಕೇಕ್ ಮಾಡಹೊರಟ ಹೆಚ್ಚಿನವರಿಗೆ ಮೊದಲ ಸಲ ಎದುರಾಗುವುದು ಈ ಮೂರೇ. ನೋಡಲು ಒಂದೇ ತಪ್ಪಿನ ಮೂರು ಮುಖದಂತೆ ಕಂಡರೂ ಪೂರ್ತಿ ಹಾಗಲ್ಲ. ಕುಸಿತಕ್ಕೂ ಉದುರಿಗೂ ಬೇಕಾದದ್ದು ಅಂಟು. ಮರಳಿಗೆ ಬೇಕಾದದ್ದು ಬೇರೆ ಹಿಟ್ಟು, ಇನ್ನಷ್ಟು ನೀರು ಮತ್ತು ಸ್ವಲ್ಪ ಕಾಯುವಿಕೆ. ಇದು ತಿಳಿಯದೆ ಅಂಟನ್ನೇ ಹೆಚ್ಚಿಸುತ್ತ ಹೋದರೆ ಕೇಕ್ ರಬ್ಬರ್ ಆಗುತ್ತದೆ, ಮರಳು ಮಾತ್ರ ಹಾಗೆಯೇ ಉಳಿಯುತ್ತದೆ.

ಗ್ಲುಟನ್ ಅಂದರೆ ಏನು ಎಂಬುದನ್ನು ನೋಡಬೇಕಿದ್ದರೆ ಹೋಳಿಗೆಯ ಕಣಕ ನೋಡಿದರೆ ಸಾಕು. ಚೆನ್ನಾಗಿ ನಾದಿ, ಎಣ್ಣೆಯಲ್ಲಿ ನೆನೆಸಿಟ್ಟ ಕಣಕವನ್ನು ಬೆರಳಲ್ಲಿ ಎಳೆದರೆ ಹರಿಯದೆ ಪೊರೆಯಂತೆ ಹಿಗ್ಗುತ್ತದೆ. ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು, ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ಆಗುವ ಬಲೆ ಅದು. ಅಕ್ಕಿ, ರಾಗಿ, ಜೋಳದಲ್ಲಿ ಇಂಥ ಬಲೆ ಕಟ್ಟುವ ಪ್ರೋಟೀನ್ ಇಲ್ಲ. ಅದಕ್ಕೇ ಅಕ್ಕಿರೊಟ್ಟಿಗೆ ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕರಿಸುತ್ತೇವೆ. ಬೆಂದ ಪಿಷ್ಟವೇ ಅಲ್ಲಿ ಅಂಟು. ಸೀಲಿಯಾಕ್ ಇರುವವರಿಗೆ ಗೋಧಿ, ಜವೆಗೋಧಿ, ರೈ ಈ ಮೂರರ ಗ್ಲುಟನ್ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಮೈದಾ, ರವೆ, ಚಿರೋಟಿ ರವೆ ಎಲ್ಲವೂ ಗೋಧಿಯೇ.

ಆದರೆ ಕೇಕಿಗೆ ಬ್ರೆಡ್ಡಿನಷ್ಟು ಗ್ಲುಟನ್ ಬೇಕಿಲ್ಲ. ಮೈದಾ ಕೇಕಿನಲ್ಲೂ "ಜಾಸ್ತಿ ಕಲಸಬೇಡಿ, ಗಟ್ಟಿಯಾಗುತ್ತದೆ" ಎಂದು ಹೇಳುವುದು ಆ ಬಲೆ ಬಿಗಿಯಾಗದಿರಲಿ ಎಂದೇ. ಕೇಕ್ ಕೊನೆಗೆ ನಿಲ್ಲುವುದು ಬೆಂದ ಮೊಟ್ಟೆಯ ಮೇಲೆ, ಬೆಂದ ಪಿಷ್ಟದ ಮೇಲೆ. ತೊಂದರೆ ಇರುವುದು ಅದಕ್ಕಿಂತ ಮುಂಚಿನ ಹೊತ್ತಿನಲ್ಲಿ. ಓವನ್ನಿಗೆ ಹೋದ ಹಿಟ್ಟು ಬಿಸಿಯಾಗುತ್ತ ಮೊದಲು ತೆಳ್ಳಗಾಗುತ್ತದೆ. ಬೇಕಿಂಗ್ ಪೌಡರಿನ ಗಾಳಿಗುಳ್ಳೆಗಳು ಆಗಲೇ ದೊಡ್ಡದಾಗುತ್ತಿರುತ್ತವೆ. ಅಕ್ಕಿಯ ಪಿಷ್ಟ ಗೋಧಿಯದಕ್ಕಿಂತ ಹೆಚ್ಚು ಬಿಸಿ ಬೇಡುತ್ತದೆ, ಸಕ್ಕರೆ ಇದ್ದಷ್ಟೂ ಅದು ಗಟ್ಟಿಯಾಗುವುದು ಇನ್ನೂ ತಡ. ಹಾಗಾಗಿ ಗುಳ್ಳೆ ಉಬ್ಬಿದೆ, ಗೋಡೆ ಇನ್ನೂ ಗಟ್ಟಿಯಾಗಿಲ್ಲ ಎಂಬ ಕೆಲವು ನಿಮಿಷಗಳು ಬರುತ್ತವೆ. ನನ್ನ ಮೊದಲ ಕೇಕ್ ಸೋತದ್ದು ಆ ನಿಮಿಷಗಳಲ್ಲೇ. ಮನೆಗೆ ಮೋಲ್ಡ್ ಹಾಕುವಾಗ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಸೆಂಟ್ರಿಂಗ್ ಹಲಗೆ ಹೊತ್ತು ನಿಲ್ಲುತ್ತದಲ್ಲ, ಕೇಕಿಗೂ ಅಂಥದ್ದೊಂದು ಆಸರೆ ಬೇಕು. ಕ್ಸಾಂಥನ್ ಗಮ್ ಮಾಡುವುದು ಆ ಕೆಲಸ. ಅದು ಗ್ಲುಟನ್ನಿನ ಹಾಗೆ ಹಿಗ್ಗುವ ಬಲೆ ಕಟ್ಟುವುದಿಲ್ಲ. ನೀರನ್ನು ಹಿಡಿದು ಹಿಟ್ಟನ್ನು ಮಂದವಾಗಿರಿಸಿ, ಗುಳ್ಳೆ ಒಡೆಯದಂತೆ, ಹಿಟ್ಟಿನ ಕಣ ತಳಕ್ಕಿಳಿಯದಂತೆ ತಡೆಯುತ್ತದೆ.

ಈ ಬಿಳಿ ಪುಡಿಯ ಮೂಲ ಎಲೆಕೋಸು ಬೆಳೆಯುವವರಿಗೆ ಪರಿಚಿತವಾದ ಒಂದು ಪೀಡೆ. ಎಲೆಯ ಅಂಚಿನಿಂದ ಹಳದಿಯಾಗಿ ನರಗಳು ಕಪ್ಪಾಗುವ ಕಪ್ಪು ಕೊಳೆ ರೋಗಕ್ಕೆ ಕಾರಣ ಕ್ಸಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್ ಎಂಬ ಬ್ಯಾಕ್ಟೀರಿಯಾ. ಅದಕ್ಕೆ ಸಕ್ಕರೆ ಉಣಿಸಿ ಹುದುಗಿಸಿದರೆ ತನ್ನ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ. ಆ ಲೋಳೆಯನ್ನು ಬೇರ್ಪಡಿಸಿ, ಒಣಗಿಸಿ, ಪುಡಿಮಾಡಿದರೆ ಕ್ಸಾಂಥನ್ ಗಮ್. ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾ ಊರಿನ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಆಲೀನ್ ಜೀನ್ಸ್ ಎಂಬ ರಸಾಯನವಿಜ್ಞಾನಿ ಮತ್ತು ಸಂಗಡಿಗರು ಇದನ್ನು ಬೆಳಕಿಗೆ ತಂದರು. 1969ರಲ್ಲಿ ಅಲ್ಲಿ ಆಹಾರಕ್ಕೆ ಬಳಸಲು ಒಪ್ಪಿಗೆ ಸಿಕ್ಕಿತು. ಪೊಟ್ಟಣಗಳ ಮೇಲೆ 415 ಎಂಬ ಸಂಖ್ಯೆ ಕಂಡರೆ ಅದು ಇದೇ. ಇದರ ಎರಡು ಗುಣ ಕೇಕಿಗೆ ತುಂಬ ಅನುಕೂಲ. ಒಂದು, ತಣ್ಣೀರಲ್ಲೇ ಮಂದವಾಗುತ್ತದೆ, ಬಿಸಿಯಾದಾಗಲೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಇನ್ನೊಂದು, ಕಲಕುವಾಗ ತೆಳುವಾಗಿ, ಬಿಟ್ಟ ಕೂಡಲೇ ಮತ್ತೆ ಮಂದವಾಗುತ್ತದೆ. ಅದಕ್ಕೇ ಟಿನ್ನಿಗೆ ಸುರಿಯುವಾಗ ಹಿಟ್ಟು ಸಲೀಸಾಗಿ ಇಳಿಯುತ್ತದೆ, ಸುರಿದ ಮೇಲೆ ಗುಳ್ಳೆಗಳನ್ನು ಹಿಡಿದುಕೊಂಡು ಕೂರುತ್ತದೆ.

ಒಂದು ಲೋಟ ನೀರಿಗೆ ಚಿಟಿಕೆ ಉದುರಿಸಿ ನೋಡಿ. ಕರಗದೆ ಮೀನಿನ ಕಣ್ಣಿನಂಥ ಗಂಟುಗಳಾಗಿ ತೇಲುತ್ತದೆ. ಮೇಲ್ಮೈ ಒಮ್ಮೆಲೇ ನೀರು ಕುಡಿದು ಮುಚ್ಚಿಕೊಳ್ಳುತ್ತದೆ, ಒಳಗಿನ ಪುಡಿ ಒಣಗೇ ಉಳಿಯುತ್ತದೆ. ಹಾಗಾಗಿ ಇದನ್ನು ಯಾವತ್ತೂ ನೇರ ಹಾಲಿಗೆ ಹಾಕಬಾರದು. ಒಣಹಿಟ್ಟಿನ ಜೊತೆ ಚೆನ್ನಾಗಿ ಬೆರೆಸಿ ಎರಡು ಸಲ ಜರಡಿ ಹಿಡಿಯಬೇಕು.

ಇನ್ನು ಹಿಟ್ಟಿನ ಮಾತು. ಒಂದೇ ಹಿಟ್ಟಿನಿಂದ ಒಳ್ಳೆಯ ಕೇಕ್ ಕಷ್ಟ. ಬರೀ ಅಕ್ಕಿಹಿಟ್ಟಾದರೆ ಮರಳು, ಬರೀ ಕಾರ್ನ್‌ಫ್ಲೋರ್ ಆದರೆ ಬೆಣ್ಣೆಬಿಸ್ಕತ್ತಿನ ಹಾಗೆ ಒಣಒಣ, ಬರೀ ರಾಗಿಯಾದರೆ ಬಿಗುವು. ಮೈಕಟ್ಟು ಕೊಡುವ ಹಿಟ್ಟು ಮೂರು ಪಾಲು, ಮೃದುತ್ವ ಕೊಡುವ ಪಿಷ್ಟ ಎರಡು ಪಾಲು ಎಂದು ಇಟ್ಟುಕೊಂಡರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ರೊಟ್ಟಿಗೆಂದು ಬೀಸಿದ ಅಕ್ಕಿಹಿಟ್ಟು ಕೇಕಿಗೆ ತರಿಯಾಯಿತು. ತೆಳ್ಳನೆಯ ಬಟ್ಟೆಯಲ್ಲಿ ಜಾಲಿಸಿ, ನುಣುಪಾದದ್ದನ್ನಷ್ಟೇ ತೆಗೆದುಕೊಳ್ಳಬೇಕು. ಕಾರ್ನ್‌ಫ್ಲೋರ್ ಅಂದರೆ ನಮ್ಮಲ್ಲಿ ಬಿಳಿ ಪಿಷ್ಟ. ಹಳದಿಯ ಮೆಕ್ಕೆಜೋಳದ ಹಿಟ್ಟು ಬೇರೆ, ಅದು ಇಲ್ಲಿ ಆಗದು. ಮರಗೆಣಸಿನ ಪಿಷ್ಟ ಕೇಕಿಗೆ ತುಸು ಜಗಿಯುವ ಗುಣ ಕೊಡುತ್ತದೆ. ಸಬ್ಬಕ್ಕಿ ಮಾಡುವುದು ಅದರಿಂದಲೇ.

ಸೀಲಿಯಾಕ್ ಇರುವವರ ಮನೆಯಲ್ಲಿ ಹಿಟ್ಟಿನ ಗಿರಣಿಯ ಬಗ್ಗೆ ಎಚ್ಚರ ಬೇಕು. ಗೋಧಿ ಬೀಸಿದ ಕಲ್ಲಿನಲ್ಲೇ ಮುಂದಿನ ಗಿರಾಕಿಯ ರಾಗಿ ಬೀಳುತ್ತದೆ. ಭಾರತದಲ್ಲಿ ಗ್ಲುಟನ್ ಮುಕ್ತ ಎಂದು ಬರೆಯಬೇಕಿದ್ದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರುವಂತಿಲ್ಲ. ಕಲ್ಲಿನ ಸಂದಿಯಲ್ಲಿ ಉಳಿದ ಒಂದು ಮುಷ್ಟಿ ಗೋಧಿಹಿಟ್ಟು ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿಸಿಬಿಡುತ್ತದೆ. ನಾವು ಅಕ್ಕಿ, ರಾಗಿ ಎರಡನ್ನೂ ತೊಳೆದು ಒಣಗಿಸಿ, ಅದಕ್ಕೇ ಮೀಸಲಿಟ್ಟ ಮಿಕ್ಸಿ ಜಾರಿನಲ್ಲಿ ಬೀಸುತ್ತೇವೆ. ಬೇಕಿಂಗ್ ಪೌಡರಿನಲ್ಲೂ ಪಿಷ್ಟ ಇರುತ್ತದೆ, ಅದು ಯಾವುದರದೆಂದು ಡಬ್ಬಿಯ ಮೇಲೆ ಓದಿಕೊಳ್ಳಬೇಕು.

ಈಗ ನಾನು ಮಾಡುವ ಏಳಿಂಚಿನ ಕೇಕಿನ ಲೆಕ್ಕ ಹೀಗಿದೆ. ಅಕ್ಕಿಹಿಟ್ಟು 80 ಗ್ರಾಂ, ರಾಗಿಹಿಟ್ಟು 40, ಕಾರ್ನ್‌ಫ್ಲೋರ್ 50, ಮರಗೆಣಸಿನ ಪಿಷ್ಟ 30. ಒಟ್ಟು 200 ಗ್ರಾಂ ಹಿಟ್ಟು. ಇದಕ್ಕೆ ಕ್ಸಾಂಥನ್ ಗಮ್ ಒಂದೇ ಗ್ರಾಂ, ಅಂದರೆ ನೂರಕ್ಕೆ ಅರ್ಧ ಪಾಲು. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಸರಿಯಾಗಿ ತೋರಿಸದು, ಆದ್ದರಿಂದ ಅಳತೆಯ ಟೀ ಚಮಚದಲ್ಲಿ ಅರ್ಧಕ್ಕಿಂತ ಕೊಂಚ ಕಡಿಮೆ ಎಂದು ಇಟ್ಟುಕೊಂಡಿದ್ದೇನೆ. ಮೂರು ಮೊಟ್ಟೆ, 150 ಗ್ರಾಂ ಸಕ್ಕರೆಯನ್ನು ಬೆಳ್ಳಗೆ ನೊರೆಯಾಗುವವರೆಗೆ ಬೀಟ್ ಮಾಡಿ, 100 ಗ್ರಾಂ ಎಣ್ಣೆ, 120 ಮಿಲಿ ಹಾಲು, ಚಿಟಿಕೆ ಉಪ್ಪು, ವೆನಿಲ್ಲಾ ಸೇರಿಸುತ್ತೇನೆ. ಆಮೇಲೆ ಗಮ್ ಬೆರೆಸಿದ ಹಿಟ್ಟು. ಗಟ್ಟಿಯಾದೀತೆಂಬ ಅಂಜಿಕೆ ಇಲ್ಲಿ ಬೇಡ, ಗ್ಲುಟನ್ನೇ ಇಲ್ಲವಲ್ಲ. ಒಂದು ನಿಮಿಷ ಚೆನ್ನಾಗಿಯೇ ಬೀಟ್ ಮಾಡಬಹುದು.

ಆಮೇಲೆ ಮುಚ್ಚಿ ಅರ್ಧ ಗಂಟೆ ಬಿಡುತ್ತೇನೆ. ಮರಳುತನ ಹೋಗುವುದು ಈ ಅರ್ಧ ಗಂಟೆಯಲ್ಲಿ. ಅಕ್ಕಿಯ ಕಣ ಗಟ್ಟಿ, ನೀರು ಒಳಗಿಳಿಯಲು ಅದಕ್ಕೆ ಹೊತ್ತು ಬೇಕು. ಬಿಡುವ ಮೊದಲು ಎರಡು ಬೆರಳಿನ ನಡುವೆ ಒಂದು ಹನಿ ಉಜ್ಜಿ, ಬಿಟ್ಟ ಮೇಲೆ ಮತ್ತೊಮ್ಮೆ ಉಜ್ಜಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಹಿಟ್ಟು ಇಡ್ಲಿಹಿಟ್ಟಿಗಿಂತ ತುಸು ಸಡಿಲವಾಗಿ, ಸೌಟಿನಿಂದ ಅಗಲವಾದ ಪಟ್ಟಿಯಂತೆ ಇಳಿಯಬೇಕು. ತುಂಬ ಮಂದ ಅನಿಸಿದರೆ ಎರಡು ಚಮಚ ಹಾಲು ಸೇರಿಸಬಹುದು. ಕೊನೆಗೆ ಎರಡು ಟೀ ಚಮಚ ಬೇಕಿಂಗ್ ಪೌಡರ್ ಜರಡಿಯಲ್ಲಿ ಉದುರಿಸಿ, ಬೇಗ ಕಲಸಿ, ಟಿನ್ನಿಗೆ ಸುರಿದು, ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 170 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಕಡ್ಡಿ ಚುಚ್ಚಿ ನೋಡುವುದನ್ನು ಇಲ್ಲಿ ಪೂರ್ತಿ ನಂಬಬೇಡಿ. ಗಮ್ ಇರುವುದರಿಂದ ಬೆಂದ ಕೇಕಿನಲ್ಲೂ ಕಡ್ಡಿಗೆ ತುಸು ಅಂಟುತ್ತದೆ. ನಡುವೆ ಬೆರಳಿಂದ ಮೆಲ್ಲಗೆ ಒತ್ತಿದರೆ ಮೇಲೇಳಬೇಕು, ಅಂಚು ಟಿನ್ನನ್ನು ಬಿಟ್ಟಿರಬೇಕು. ಚುಚ್ಚುವ ಥರ್ಮಾಮೀಟರ್ ಇದ್ದರೆ ನಡುಭಾಗ 97 ಡಿಗ್ರಿ ಆಸುಪಾಸು ತೋರಿಸಬೇಕು.

ತಪ್ಪಾದರೆ ಕೇಕನ್ನು ಕತ್ತರಿಸಿ ಒಳಗೆ ನೋಡಬೇಕು. ಹೋಳು ಸ್ಪಂಜಿನಂತೆ ಎಳೆದುಕೊಂಡು, ಬಾಯಲ್ಲಿ ಜಾರುವಂತಿದ್ದರೆ ಗಮ್ ಹೆಚ್ಚಾಗಿದೆ. ಅರ್ಧ ಚಮಚದ ಜಾಗದಲ್ಲಿ ಒಂದು ಚಮಚ ಬಿದ್ದರೂ ಸಾಕು, ಹೀಗಾಗುತ್ತದೆ. ತುಂಬ ಆದರೆ ಕೆಲವರಿಗೆ ಹೊಟ್ಟೆ ಉಬ್ಬರವೂ ಬರುತ್ತದೆ. ಪುಡಿ ಉದುರಿದರೆ ಗಮ್ ಕಡಿಮೆ, ಇಲ್ಲವೇ ಮೊಟ್ಟೆ ಕಡಿಮೆ. ತಳದಲ್ಲಿ ಬೆರಳಗಲ ಹಲ್ವದಂಥ ಪಟ್ಟಿ ಕಂಡರೆ ಗಮ್ಮಿನ ತಪ್ಪಲ್ಲ: ನೀರು ಹೆಚ್ಚಾಗಿದೆ, ಅಥವಾ ಬೆಂದಿಲ್ಲ.

ಗಮ್ ಸಿಗದಿದ್ದರೆ, ಅಥವಾ ಮೈಗೆ ಆಗದಿದ್ದರೆ, ಗೋರಿಕಾಯಿ ಬೀಜದಿಂದ ತೆಗೆಯುವ ಗ್ವಾರ್ ಗಮ್ ಇದೆ. ಅಳತೆ ಹೆಚ್ಚುಕಡಿಮೆ ಅಷ್ಟೇ, ಬೆಲೆಯೂ ಕಡಿಮೆ, ಆದರೆ ನಿಂಬೆಹುಳಿಯಂಥ ತುಂಬ ಹುಳಿ ಪದಾರ್ಥವಿರುವ ಕೇಕಿಗೆ ಅಷ್ಟು ನೆಚ್ಚಬಾರದು. ಇಸಬ್‌ಗೋಲ್ ಸಿಪ್ಪೆ ಬ್ರೆಡ್ಡಿಗೆ ಒಳ್ಳೆಯದು, ಕೇಕನ್ನು ಭಾರ ಮಾಡುತ್ತದೆ. ನನಗೆ ತುಂಬ ಹಿಡಿಸಿದ್ದು ಉದ್ದು. ಇಡ್ಲಿಯಲ್ಲಿ ಗ್ಲುಟನ್ ಇಲ್ಲ, ಆದರೂ ಗಾಳಿ ನಿಲ್ಲುತ್ತದೆ. ರುಬ್ಬಿದ ಉದ್ದಿನ ಲೋಳೆ ಮತ್ತು ಪ್ರೋಟೀನ್ ಸೇರಿ ಗುಳ್ಳೆಗಳನ್ನು ಹಿಡಿಯುತ್ತವೆ. ಕ್ಸಾಂಥನ್ ಕೇಕಿನಲ್ಲಿ ಮಾಡುವ ಕೆಲಸಕ್ಕೆ ಇದು ಹತ್ತಿರದ ನೆಂಟ. ಎರಡು ಚಮಚ ಉದ್ದಿನಬೇಳೆ ನೆನೆಸಿ ನುಣ್ಣಗೆ ರುಬ್ಬಿ ಹಾಕಿದ ರಾಗಿ ಕೇಕ್ ಗಟ್ಟಿಯಾಗಿಯೇ ನಿಂತಿತು. ಹಸಿ ವಾಸನೆ ಮುಚ್ಚಲು ಏಲಕ್ಕಿಯೂ ಬೆಲ್ಲವೂ ಬೇಕಾದವು, ವೆನಿಲ್ಲಾ ಸಾಲಲಿಲ್ಲ.

ಇಂಥ ಕೇಕ್ ಮೈದಾ ಕೇಕಿಗಿಂತ ಬೇಗ ಬಿರುಸಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ, ಬೆಂದ ಪಿಷ್ಟ ತಣ್ಣಗಿನ ಜಾಗದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ರಾತ್ರಿ ಉಳಿದ ಅನ್ನ ಫ್ರಿಜ್ಜಿನಲ್ಲಿ ಬಿರುಸಾಗುವುದೂ ಇದರಿಂದಲೇ. ಆರಿದ ದಿನವೇ ಹೋಳು ಮಾಡಿ, ಒಂದೊಂದನ್ನೂ ಸುತ್ತಿ ಫ್ರೀಜರಿನಲ್ಲಿ ಇಡಬೇಕು. ಅಕ್ಕನ ಮನೆಯ ಫ್ರೀಜರಿನಲ್ಲಿ ಈಗ ಯಾವಾಗಲೂ ಆರೇಳು ಹೋಳು ಇರುತ್ತವೆ. ತರಗತಿಯಲ್ಲಿ ಯಾರದಾದರೂ ಹುಟ್ಟುಹಬ್ಬ ಇದ್ದ ದಿನ ಹುಡುಗಿ ಬೆಳಿಗ್ಗೆ ಒಂದನ್ನು ತೆಗೆದು ಡಬ್ಬಿಗೆ ಹಾಕಿಕೊಳ್ಳುತ್ತಾಳೆ. ಮಧ್ಯಾಹ್ನ ಕೇಕ್ ಹಂಚುವ ಹೊತ್ತಿಗೆ ಅದು ಮೆತ್ತಗಾಗಿರುತ್ತದೆ.