ತಲೆನೋವಿಗೆ ತೋಳಿನ ಪಟ್ಟಿ

ಕಡಗಂಚಿಯಲ್ಲಿ ಏಪ್ರಿಲ್ ಬಿಸಿಲು ಏರುವ ಹೊತ್ತು. ಕೇಂದ್ರೀಯ ವಿಶ್ವವಿದ್ಯಾಲಯದ ಉಪನ್ಯಾಸಕಿಯೊಬ್ಬರನ್ನು ಊಹಿಸಿಕೊಳ್ಳಿ. ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ನಾಷ್ಟಾ ತಪ್ಪಿದೆ. ಹನ್ನೊಂದಕ್ಕೆ ಬಲಗಣ್ಣಿನ ಹಿಂದೆ ಮಿಡಿತ ಶುರುವಾಗುತ್ತದೆ, ಬೆಳಕು ಚುಚ್ಚುತ್ತದೆ, ಹೊಟ್ಟೆ ತೊಳಸುತ್ತದೆ. ಮನೆಯಲ್ಲಿದ್ದರೆ ಅವ್ವ ಹಣೆಗೆ ಬಟ್ಟೆ ಬಿಗಿದು, "ಅರ್ಧ ತಲಿ ಸಿಡೀತದೇನು, ಕತ್ತಲ್ಯಾಗ ಮಲ್ಕೋ" ಎನ್ನುತ್ತಿದ್ದಳು. ಇದೇ ಅರೆತಲೆನೋವು, ಅಂದರೆ ಮೈಗ್ರೇನ್. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳಲ್ಲಿ 2,329 ಜನರನ್ನು ಮಾತನಾಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಯಸ್ಕರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಈ ಬಾಧೆ ಇದೆ.

ಮಾತ್ರೆಯ ಜೊತೆಗೆ ಈಗ ಇನ್ನೊಂದು ದಾರಿ ಇದೆ: ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಸಾಧನ. ಹಣೆಗೆ ಅಂಟಿಸುವ 'ಸೆಫಾಲಿ'ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಹುಬ್ಬುಗಳ ಮೇಲೆ ಚರ್ಮದಡಿ ಹಾಯುವ ನರದ ಕವಲುಗಳನ್ನು ಅದು ನೇರವಾಗಿ ತಟ್ಟುತ್ತದೆ. ಮೈಗ್ರೇನಿನ ನೋವು ಸಾಗುವುದೂ ಆ ನರದ ಬಳಗದಲ್ಲೇ, ಆದ್ದರಿಂದ ಹಣೆಯ ಆಯ್ಕೆ ಸಹಜ. ಅಚ್ಚರಿಯದು ತೋಳಿನ ಪಟ್ಟಿ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ 'ನೆರಿವಿಯೊ'ವನ್ನು 2023ರಲ್ಲಿ ಡಾ. ರೆಡ್ಡೀಸ್ ಕಂಪನಿ ಭಾರತಕ್ಕೆ ತಂದಿತು. ನೋವು ತಲೆಯಲ್ಲಿ, ಪಟ್ಟಿ ತೋಳಿನಲ್ಲಿ!

ಗುಟ್ಟು ಮಿದುಳಿನ ಕಾಂಡದಲ್ಲಿದೆ. ಅಲ್ಲಿಂದ ಹೊರಡುವ ನರತಂತುಗಳು ನೋವಿನ ಸುದ್ದಿಯನ್ನು ತಡೆಹಿಡಿಯಬಲ್ಲವು. ದೇಹದ ಒಂದು ಕಡೆಯಿಂದ ಜೋರಾದ ಸಂವೇದನೆ ಬಂದರೆ ಈ ತಡೆ ಎಚ್ಚೆತ್ತು, ಬೇರೆ ಕಡೆಯ ನೋವನ್ನೂ ಅಡಗಿಸುತ್ತದೆ. ಪಟ್ಟಿ ಮಾಡುವುದು ಇಷ್ಟೇ: ಮೇಲ್ದೋಳಿನ ನರಗಳಿಗೆ ನೋವಾಗದಷ್ಟು ಬಲದ ಮಿಡಿತ ಕಳುಹಿಸಿ, ಆ ತಡೆಯನ್ನು ಎಬ್ಬಿಸುತ್ತದೆ.

ನಮ್ಮ ಉಪನ್ಯಾಸಕಿ ಏನು ಮಾಡಬೇಕು? ನೋವು ಶುರುವಾದ ಒಂದು ಗಂಟೆಯೊಳಗೆ ಪಟ್ಟಿ ಕಟ್ಟಬೇಕು. ತಡವಾದಷ್ಟೂ ಫಲ ಕಡಿಮೆ. ಮೊದಲು ತೋಳಿನ ಬೆವರು ಒರೆಸಬೇಕು, ಇಲ್ಲವಾದರೆ ಅಂಟು ಸಡಿಲಾಗಿ ಸಂಪರ್ಕ ತಪ್ಪುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಬಲ ಏರಿಸುತ್ತ ಹೋಗಬೇಕು. ಜುಮುಗುಟ್ಟುವುದು ಚೆನ್ನಾಗಿ ತಿಳಿಯಬೇಕು, ಆದರೆ ನೋಯಬಾರದು. ಹಲವರು ಎಡವುವುದು ಇಲ್ಲೇ: ಅಂಜಿ ಬಲ ತೀರ ಕಡಿಮೆ ಇಟ್ಟರೆ ತಡೆ ಎಚ್ಚರಗೊಳ್ಳುವುದಿಲ್ಲ. ಒಂದು ಬಾರಿಗೆ 45 ನಿಮಿಷ. ಅಷ್ಟು ಹೊತ್ತು ಪಾಠ ಮಾಡಬಹುದು, ಬಸ್ಸಿನಲ್ಲೂ ಕೂರಬಹುದು.

ಫಲ ಎಷ್ಟು? 252 ಜನರ ಪರೀಕ್ಷೆಯೊಂದರಲ್ಲಿ ಅರ್ಧದಷ್ಟು ಮಂದಿಗೆ ನಿಜವಾದ ಪಟ್ಟಿ, ಉಳಿದವರಿಗೆ ಜುಮ್ಮೆನಿಸಿದರೂ ಚಿಕಿತ್ಸೆ ಕೊಡದ ನಕಲಿ ಪಟ್ಟಿ ಕಟ್ಟಿದರು. ಎರಡು ಗಂಟೆಯ ಬಳಿಕ ನಿಜದ ಪಟ್ಟಿಯವರಲ್ಲಿ ನೂರಕ್ಕೆ ಸುಮಾರು 67 ಮಂದಿ ನೋವು ತಗ್ಗಿತು ಎಂದರು, ನಕಲಿಯವರಲ್ಲಿ 39 ಮಂದಿ. ಆ 39ರಲ್ಲಿ ಭರವಸೆಯ ಪಾಲೂ ಇದೆ, ನೋವು ತಾನಾಗಿ ಇಳಿದದ್ದೂ ಇದೆ. ಯಂತ್ರದ ನಿಜವಾದ ಲಾಭ ನೂರಕ್ಕೆ 28. ನೋವು ಪೂರ್ತಿ ಹೋದವರ ಲೆಕ್ಕ ಇನ್ನೂ ಬಿಗಿ: 37 ಮತ್ತು 18. ಹಾಗಾಗಿ ಎಲ್ಲರಿಗೂ ಫಲಿಸುವ ಮಂತ್ರ ಇದಲ್ಲ, ಹಾಗಂತ ಬರಿ ಭ್ರಮೆಯೂ ಅಲ್ಲ.

ಯಾರಿಗೆ ಹೊಂದೀತು? ಮಾತ್ರೆ ಒಗ್ಗದವರಿಗೆ, ತಲೆನೋವು ಬಂದಾಗಲೆಲ್ಲ ಅಂಗಡಿಯ ಗುಳಿಗೆ ನುಂಗುವವರಿಗೆ. ತಿಂಗಳಿಗೆ 15 ದಿನ ಅಥವಾ ಹೆಚ್ಚು ಸಾಧಾರಣ ನೋವಿನ ಗುಳಿಗೆ ತೆಗೆದುಕೊಂಡರೆ, ಕೆಲವು ತಿಂಗಳಲ್ಲಿ ಆ ಗುಳಿಗೆಯೇ ತಲೆನೋವು ತರಬಹುದು. ಅಂಥವರಿಗೆ ಗುಳಿಗೆ ಕಡಿಮೆ ಮಾಡಲು ಪಟ್ಟಿ ನೆರವಾಗುತ್ತದೆ. ಪೇಸ್‌ಮೇಕರಿನಂತಹ ಸಾಧನ ದೇಹದಲ್ಲಿರುವವರು, ಹತೋಟಿಗೆ ಬಾರದ ಮೂರ್ಛೆ ರೋಗ ಅಥವಾ ಹೃದಯ ವೈಫಲ್ಯ ಇರುವವರು ಇದನ್ನು ಕಟ್ಟಬಾರದು. ಗಾಯವಿರುವ ಅಥವಾ ಸ್ಪರ್ಶ ಮಂದವಾದ ಚರ್ಮಕ್ಕೆ ಅಂಟಿಸಬಾರದು. ಬಸುರಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಒಂದು ಕೈ ಅಥವಾ ಕಾಲಿನ ಶಕ್ತಿ ಕುಂದುವುದು, ತಲೆಗೆ ಪೆಟ್ಟು ಬಿದ್ದ ಬಳಿಕದ ನೋವು, ಐವತ್ತು ದಾಟಿದ ಮೇಲೆ ಮೊದಲ ಸಲ ಶುರುವಾದದ್ದು: ಇಂಥಲ್ಲಿ ಪಟ್ಟಿ ಕಟ್ಟುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪಟ್ಟಿ ಕೊಳ್ಳುವ ಮೊದಲು ಒಂದು ತಿಂಗಳು ಪುಟ್ಟ ವಹಿಯಲ್ಲಿ ಬರೆದಿಡಿ: ನೋವು ಬಂದ ದಿನ, ಹೊತ್ತು, ಉಂಡದ್ದು, ನಿದ್ದೆ, ನುಂಗಿದ ಗುಳಿಗೆ. ಆ ವಹಿಯೊಂದಿಗೆ ನರರೋಗ ತಜ್ಞರ ಬಳಿ ಹೋಗಿ. ನಿಮಗೆ ಪಟ್ಟಿ ಬೇಕೇ, ಅಥವಾ ಬೆಳಗಿನ ನಾಷ್ಟಾ ತಪ್ಪಿಸದಿದ್ದರೆ ಸಾಕೇ ಎಂಬುದನ್ನು ಅವರು ಅದರಲ್ಲೇ ಓದಿಯಾರು.