ಮಲಗುವ ಮುನ್ನ ಬಿಸಿ ಹಾಲು: ನಿದ್ರೆ ತರುವುದು ಹಾಲೋ, ಅಭ್ಯಾಸವೋ?

ಇಶಾ ನಮಾಝ್ ಮುಗಿದು, ಊಟವಾಗಿ, ಹಾಸಿಗೆ ಹಾಸುವ ಹೊತ್ತಿಗೆ ನಮ್ಮ ಅನೇಕ ಮನೆಗಳಲ್ಲಿ ಒಲೆಯ ಮೇಲೆ ಹಾಲು ಇರುತ್ತದೆ. ಮಗುವಿಗೆ ಅರ್ಧ ಲೋಟ, ಪರೀಕ್ಷೆಗೆ ಓದುವ ಹುಡುಗನಿಗೆ ಸಕ್ಕರೆ ಹಾಕಿದ ಒಂದು ಲೋಟ, ದಾದಿಗೆ ಅರಿಶಿನ ಬೆರೆಸಿದ ಒಂದು ಲೋಟ. "ಬಿಸಿ ಹಾಲು ಕುಡಿ, ನಿದ್ದೆ ಚೆನ್ನಾಗಿ ಬರ್ತದ" ಎಂಬ ಮಾತನ್ನು ಕೊಪ್ಪಳದಲ್ಲಾಗಲಿ ಕುಷ್ಟಗಿಯಲ್ಲಾಗಲಿ ಕೇಳದೆ ಬೆಳೆದವರು ಕಡಿಮೆ. ಈ ಮಾತಿನಲ್ಲಿ ಎಷ್ಟು ನಿಜವಿದೆ? ನಿಮ್ಮ ಮನೆಯಲ್ಲಿ ಯಾರಿಗಾದರೂ ನಿದ್ರೆ ಬಾರದಿದ್ದರೆ ಹಾಲನ್ನು ಎಷ್ಟರ ಮಟ್ಟಿಗೆ ನಂಬಬಹುದು? ಸ್ವಲ್ಪ ನಿಧಾನವಾಗಿ ನೋಡೋಣ.

ಟ್ರಿಪ್ಟೊಫಾನ್ ಎಂಬ ವಿವರಣೆ

ಹಾಲು ನಿದ್ರೆ ತರುತ್ತದೆ ಎನ್ನುವವರು ಸಾಮಾನ್ಯವಾಗಿ ಹೇಳುವ ಹೆಸರು ಟ್ರಿಪ್ಟೊಫಾನ್. ಇದು ಪ್ರೊಟೀನಿನಲ್ಲಿರುವ ಒಂದು ಅಮೈನೊ ಆಮ್ಲ. ನಮ್ಮ ಮೆದುಳು ಇದರಿಂದ ಸೆರೊಟೊನಿನ್ ತಯಾರಿಸುತ್ತದೆ, ಅದರಿಂದ ಮೆಲಟೊನಿನ್ ತಯಾರಾಗುತ್ತದೆ. ಕತ್ತಲಾದ ಮೇಲೆ ರಕ್ತದಲ್ಲಿ ಏರಿ, "ಈಗ ರಾತ್ರಿ" ಎಂದು ದೇಹಕ್ಕೆ ತಿಳಿಸುವ ಹಾರ್ಮೋನು ಈ ಮೆಲಟೊನಿನ್. ಇಷ್ಟು ಸತ್ಯ. ಹಾಲಿನಲ್ಲಿ ಟ್ರಿಪ್ಟೊಫಾನ್ ಇರುವುದೂ ಸತ್ಯ.

ತೊಡಕಿರುವುದು ಪ್ರಮಾಣದಲ್ಲಿ. 200 ಮಿಲಿಲೀಟರಿನ ಒಂದು ಲೋಟ ಹಸುವಿನ ಹಾಲಿನಲ್ಲಿ ಸುಮಾರು 90 ಮಿಲಿಗ್ರಾಂ ಟ್ರಿಪ್ಟೊಫಾನ್ ಇರುತ್ತದೆ. ಬೇಗ ನಿದ್ರೆ ಬಂತು ಎಂದು ತೋರಿಸಿದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಟ್ಟದ್ದು 1 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ಅದೂ ಶುದ್ಧ ರೂಪದಲ್ಲಿ. ಅಷ್ಟನ್ನು ಹಾಲಿನಿಂದಲೇ ಪಡೆಯಬೇಕಾದರೆ ಹತ್ತಕ್ಕಿಂತ ಹೆಚ್ಚು ಲೋಟ ಕುಡಿಯಬೇಕು. 100 ಗ್ರಾಂ ಬೇಯಿಸಿದ ಕೋಳಿ ಮಾಂಸದಲ್ಲಿ ಒಂದು ಲೋಟ ಹಾಲಿಗಿಂತ ಮೂರು ಪಟ್ಟು ಟ್ರಿಪ್ಟೊಫಾನ್ ಇದೆ. ಆದರೂ ನಿದ್ರೆಗೆಂದು ಯಾರೂ ರಾತ್ರಿ ಕೋಳಿ ತುಂಡು ತಿನ್ನುವುದಿಲ್ಲ.

ಎರಡನೆಯ ತೊಡಕು ಇನ್ನೂ ದೊಡ್ಡದು. ರಕ್ತದಿಂದ ಮೆದುಳಿಗೆ ಹೋಗುವ ಬಾಗಿಲಲ್ಲಿ ಟ್ರಿಪ್ಟೊಫಾನ್ ಒಂದೇ ನಿಂತಿರುವುದಿಲ್ಲ. ಅದೇ ಬಾಗಿಲಿನಿಂದ ಒಳಹೋಗಬೇಕಾದ ಬೇರೆ ಅಮೈನೊ ಆಮ್ಲಗಳೂ ಸಾಲಿನಲ್ಲಿರುತ್ತವೆ, ಮತ್ತು ಅವುಗಳ ಸಂಖ್ಯೆ ಬಹಳ ಹೆಚ್ಚು. ಹಾಲು ಕುಡಿದಾಗ ಇವೆಲ್ಲವೂ ಒಟ್ಟಿಗೇ ರಕ್ತಕ್ಕೆ ಸೇರುತ್ತವೆ. ಹೀಗಾಗಿ ಟ್ರಿಪ್ಟೊಫಾನ್‌ಗೆ ಸಿಗುವ ಪಾಲು ಹೆಚ್ಚುವುದಿಲ್ಲ. ಅನ್ನ, ರೊಟ್ಟಿ, ಸಕ್ಕರೆಯಂಥ ಶರ್ಕರಪಿಷ್ಟ ಪದಾರ್ಥ ಮಾತ್ರ ತಿಂದಾಗ ಇನ್ಸುಲಿನ್ ಏರಿ, ಉಳಿದ ಅಮೈನೊ ಆಮ್ಲಗಳನ್ನು ಸ್ನಾಯುಗಳಿಗೆ ಕಳಿಸುತ್ತದೆ. ಆಗ ಟ್ರಿಪ್ಟೊಫಾನ್‌ಗೆ ಸ್ವಲ್ಪ ದಾರಿ ಬಿಡುವಾಗುತ್ತದೆ. ಆದರೆ ಊಟದಲ್ಲಿ ಸ್ವಲ್ಪ ಪ್ರೊಟೀನ್ ಸೇರಿದರೂ ಈ ಲಾಭ ಕರಗಿಹೋಗುತ್ತದೆ. ಹಾಲಿನಲ್ಲಿ ಪ್ರೊಟೀನ್ ಇದ್ದೇ ಇದೆ.

ಹಾಲಿನಲ್ಲೇ ಮೆಲಟೊನಿನ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ; ರಾತ್ರಿ ಕರೆದ ಹಾಲಿನಲ್ಲಿ ಹಗಲಿನದಕ್ಕಿಂತ ಹೆಚ್ಚೂ ಇರುತ್ತದೆ. ಆದರೆ ವೈದ್ಯರು ಮಾತ್ರೆಯಾಗಿ ಕೊಡುವ ಪ್ರಮಾಣದ ಎದುರು ಸಾಮಾನ್ಯ ಹಾಲಿನ ಒಂದು ಲೋಟದಲ್ಲಿರುವುದು ಲಕ್ಷದಲ್ಲಿ ಒಂದು ಪಾಲಿನಷ್ಟೂ ಇಲ್ಲ.

ಬಿಸಿಯ ವಿಷಯ

ಹಾಲನ್ನು ಬಿಸಿ ಮಾಡಿದರೆ ಅದರಲ್ಲಿ ನಿದ್ರೆಯ ಅಂಶ ಹೊಸದಾಗಿ ಹುಟ್ಟುವುದಿಲ್ಲ. ತಣ್ಣಗಿನ ಹಾಲಿನಲ್ಲಿರುವ ಟ್ರಿಪ್ಟೊಫಾನೇ ಬಿಸಿ ಹಾಲಿನಲ್ಲೂ ಇರುತ್ತದೆ. ಹಾಗಾದರೆ ಬಿಸಿಗೆ ಅರ್ಥವಿಲ್ಲವೇ?

ನಿದ್ರೆಗೂ ದೇಹದ ಉಷ್ಣತೆಗೂ ನಂಟಿದೆ. ನಿದ್ರೆ ಬರುವ ಹೊತ್ತಿಗೆ ಕೈಕಾಲುಗಳಿಗೆ ರಕ್ತ ಹೆಚ್ಚು ಹರಿದು, ಅವು ಬೆಚ್ಚಗಾಗಿ, ದೇಹದ ಒಳಗಿನ ಶಾಖ ಹೊರಹೋಗುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದವರಿಗೆ ಸುಮಾರು 10 ನಿಮಿಷ ಬೇಗ ನಿದ್ರೆ ಬರುತ್ತದೆ ಎಂದು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಹೇಳಿದೆ. ಆದರೆ ಸ್ನಾನದ ಬಿಸಿ ಮೈಗೆಲ್ಲ ತಗಲುತ್ತದೆ, ಲೋಟದ ಹಾಲಿನ ಬಿಸಿ ಬಹಳ ಸಣ್ಣದು. ಹೊಟ್ಟೆಗೆ ಹಿತವೆನಿಸುವುದು ನಿಜ. ಅದಕ್ಕಿಂತ ಹೆಚ್ಚಿನದನ್ನು ಅದರ ಮೇಲೆ ಹೊರಿಸಲಾಗದು.

ಪರೀಕ್ಷೆ ಮಾಡಿದವರು ಕಂಡದ್ದು

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಇಯಾನ್ ಆಸ್ವಾಲ್ಡ್ ಮತ್ತು ಬ್ರೆಜಿನೋವಾ ಎಂಬ ಸಂಶೋಧಕರು ಹಾಲಿನ ಪೇಯ ಕುಡಿಸಿ, ಮಲಗಿದವರ ಮೆದುಳಿನ ಅಲೆಗಳನ್ನು ರಾತ್ರಿಯಿಡೀ ದಾಖಲಿಸಿದರು. 1972ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಹಾರ್ಲಿಕ್ಸ್ ಕುಡಿದ ರಾತ್ರಿಗಳಲ್ಲಿ, ಮುಖ್ಯವಾಗಿ ವಯಸ್ಸಾದವರಲ್ಲಿ, ಬೆಳಗಿನ ಜಾವದ ಕಡೆಗೆ ಎಚ್ಚರವಾಗುವುದು ಕಡಿಮೆಯಾಗಿತ್ತು. ಪಾಲ್ಗೊಂಡವರು ಕೆಲವೇ ಮಂದಿ ಎಂಬುದನ್ನು ಮರೆಯಬಾರದು.

ನಿಜವಾಗಿ ಕಣ್ಣು ತೆರೆಸುವುದು 1980ರಲ್ಲಿ ಕರ್ಸ್ಟಿನ್ ಆಡಮ್ ಪ್ರಕಟಿಸಿದ ಅಧ್ಯಯನ. ಅವರು ಮಲಗುವ ಮುನ್ನದ ಪೇಯಗಳನ್ನು ಹೋಲಿಸುವ ಜೊತೆಗೆ, ಆ ಜನರಿಗೆ ಮೊದಲಿನಿಂದ ಯಾವ ರೂಢಿಯಿತ್ತು ಎಂಬುದನ್ನೂ ಗಮನಿಸಿದರು. ರಾತ್ರಿ ಮಲಗುವ ಮುನ್ನ ಏನಾದರೂ ತಿಂದು ಕುಡಿಯುವ ರೂಢಿಯವರು ಪೇಯ ಕುಡಿದಾಗ ಚೆನ್ನಾಗಿ ಮಲಗಿದರು. ಏನನ್ನೂ ತೆಗೆದುಕೊಳ್ಳದೆ ಮಲಗುವ ರೂಢಿಯವರು ಏನೂ ಕುಡಿಯದಿದ್ದಾಗಲೇ ಚೆನ್ನಾಗಿ ಮಲಗಿದರು. ಎಂದರೆ ಒಳ್ಳೆಯ ನಿದ್ರೆಗೆ ಸಹಾಯವಾದದ್ದು ರೂಢಿ ತಪ್ಪದಿರುವುದು.

ಮಕ್ಕಳಲ್ಲೂ ಇದೇ ಕಾಣುತ್ತದೆ. 405 ತಾಯಂದಿರು ಮತ್ತು ಅವರ ಎಳೆಯ ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ರಾತ್ರಿ ಸ್ನಾನ, ಎಣ್ಣೆ ತಿಕ್ಕುವಂಥ ಆರೈಕೆ, ಶಾಂತವಾದ ಮಾತು ಅಥವಾ ಲಾಲಿ, ನಂತರ ದೀಪ ಆರಿಸುವುದು ಎಂಬ ಒಂದೇ ಕ್ರಮವನ್ನು ಪಾಲಿಸಿದಾಗ ಮಕ್ಕಳು ಬೇಗ ಮಲಗಿದರು, ಎಚ್ಚರವಾಗುವುದೂ ಕಡಿಮೆಯಾಯಿತು. ನಿಮ್ಮ ಮನೆಯ ಮಗುವಿಗೆ ಹಾಲಿನ ಲೋಟ ಅಂಥ ಕ್ರಮದ ಒಂದು ಮೆಟ್ಟಿಲು. ಹಾಲು ಬಂತೆಂದರೆ ಆಟ ಮುಗಿಯಿತು, ಟಿ.ವಿ. ಆರಿತು, ಅಮ್ಮಿ ಪಕ್ಕದಲ್ಲಿ ಬಂದು ಕೂತಳು. ಈ ಹೊತ್ತಿನ ನೆಮ್ಮದಿಯೇ ಮಗುವನ್ನು ಮಲಗಿಸುತ್ತದೆ.

ಒಂದು ಮನೆಯ ಲೆಕ್ಕ

ಗಂಗಾವತಿಯ ಒಂದು ಮನೆಯನ್ನು ಎಣಿಸಿಕೊಳ್ಳಿ. ದಾದಿಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಸಂಜೆ 7.30ಕ್ಕೆ ಮಗ ತರಿಸಿದ ಚಹಾ ಕುಡಿಯುತ್ತಾರೆ. 10.30ಕ್ಕೆ ದೊಡ್ಡ ಲೋಟದ ತುಂಬ ಎಮ್ಮೆ ಹಾಲು, ಎರಡು ಚಮಚ ಸಕ್ಕರೆ. 11ಕ್ಕೆ ಮಲಗಿದರೂ 12ರವರೆಗೆ ನಿದ್ರೆಯಿಲ್ಲ. ಒಂದೂವರೆಗೆ, ಮೂರೂವರೆಗೆ ಮೂತ್ರಕ್ಕೆ ಏಳುತ್ತಾರೆ. ಬೇಸಿಗೆಯಲ್ಲಿ ಫಜ್ರ್ ಐದಕ್ಕೂ ಮುಂಚೆ. "ಹಾಲು ಕುಡಿದರೂ ನಿದ್ದೆ ಬರವಲ್ದು" ಎನ್ನುತ್ತಾರೆ. ಸೊಸೆ ಹಾಲಿಗೆ ಇನ್ನಷ್ಟು ಅರಿಶಿನ ಹಾಕುತ್ತಾಳೆ.

ಇಲ್ಲಿ ನಿದ್ರೆಯನ್ನು ಕೆಡಿಸುತ್ತಿರುವುದು ಏನು ನೋಡಿ. ಚಹಾದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಮಲಗುವಾಗ ಅರ್ಧಕ್ಕಿಂತ ಹೆಚ್ಚು ರಕ್ತದಲ್ಲೇ ಉಳಿದಿರುತ್ತದೆ. ಮಲಗುವ ಅರ್ಧ ಗಂಟೆ ಮೊದಲು ಕುಡಿದ ದೊಡ್ಡ ಲೋಟ ಹಾಲು ಮೂತ್ರಕ್ಕೆ ಎಬ್ಬಿಸುತ್ತದೆ. ಹಾಕಿದ ಸಕ್ಕರೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಅದು ಮೂತ್ರವನ್ನು ಇನ್ನೂ ಹೆಚ್ಚಿಸುತ್ತದೆ. ಎಮ್ಮೆ ಹಾಲಿನ ಕೊಬ್ಬು ಹೊಟ್ಟೆಯಿಂದ ನಿಧಾನವಾಗಿ ಇಳಿಯುವುದರಿಂದ ಕುಡಿದ ಕೂಡಲೇ ಮಲಗಿದರೆ ಎದೆಯುರಿ ಬರಬಹುದು. ನಿದ್ದೆಗಣ್ಣಿನಲ್ಲಿ ಕತ್ತಲ ಬಚ್ಚಲಿಗೆ ಎರಡು ಸಲ ನಡೆಯುವ ಈ ವಯಸ್ಸಿನವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ನಿದ್ರೆಯ ಚಿಂತೆ ಸಣ್ಣದಾಗಿಬಿಡುತ್ತದೆ.

ಹಾಗೆಂದು ಹಾಲನ್ನು ಕಿತ್ತುಕೊಳ್ಳಬೇಕಿಲ್ಲ. ಅವರಿಗೆ ಅದು ಎಷ್ಟೋ ವರ್ಷಗಳ ರೂಢಿ. ಅರ್ಧ ಲೋಟ, ಸಕ್ಕರೆ ಇಲ್ಲದೆ, ಕೆನೆ ತೆಗೆದು, 9 ಗಂಟೆಗೆ ಕೊಡಿ. ಚಹಾವನ್ನು ಅಸರ್ ಹೊತ್ತಿಗೆ ಮುಗಿಸಿ. ಮಲಗುವ ಮುನ್ನ ಮೂತ್ರ ಮಾಡಿಸಿ. ಬಚ್ಚಲ ದಾರಿಯಲ್ಲಿ ಸಣ್ಣ ದೀಪ ಹಚ್ಚಿಡಿ. ರಾತ್ರಿ ಪದೇ ಪದೇ ಏಳುವುದು ಸಕ್ಕರೆ ಹತೋಟಿಯಲ್ಲಿಲ್ಲ ಎಂಬುದರ ಗುರುತೂ ಆಗಿರಬಹುದು, ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಿ.

ಹಾಲು ನಿಮಗೆ ಸಹಾಯ ಮಾಡುತ್ತದೆಯೇ ಎಂದು ತಿಳಿಯಲು ಮನೆಯಲ್ಲೇ ನೋಡಬಹುದು. ಚಹಾ, ಊಟ, ಮಲಗುವ ಹೊತ್ತು ಒಂದೇ ಇರಲಿ. ಹತ್ತು ರಾತ್ರಿ ಹಾಲು ಕುಡಿಯಿರಿ, ಹತ್ತು ರಾತ್ರಿ ಬಿಡಿ. ದೀಪ ಆರಿಸಿದ ಸಮಯ, ಎಷ್ಟು ಸಲ ಎದ್ದಿರಿ, ಯಾಕೆ ಎದ್ದಿರಿ ಎಂದು ಬೆಳಿಗ್ಗೆ ಬರೆದಿಡಿ. ರೂಢಿ ಬಿಟ್ಟ ಮೊದಲ ಎರಡು ಮೂರು ರಾತ್ರಿ ಕಸಿವಿಸಿ ಸಹಜ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಲು ಕುಡಿದ ರಾತ್ರಿಗಳಲ್ಲೇ ಹೊಟ್ಟೆ ಉಬ್ಬರ, ಗುಡುಗುಡು ಇದ್ದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ನಿಮಗೆ ಜೀರ್ಣವಾಗುತ್ತಿಲ್ಲ ಎಂದು ತಿಳಿಯಿರಿ. ನಮ್ಮ ಕಡೆ ದೊಡ್ಡವರಲ್ಲಿ ಇದು ಅಪರೂಪವಲ್ಲ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಬೇಡಿ. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಾಲು ಹಲ್ಲಿನ ಮೇಲೆ ನಿಂತು ಮುಂದಿನ ಹಾಲುಹಲ್ಲುಗಳು ಹುಳುಕಾಗುತ್ತವೆ. ಹಾಲು ಮೊದಲು, ಹಲ್ಲುಜ್ಜುವುದು ಆಮೇಲೆ, ನಿದ್ರೆ ಕೊನೆಗೆ.

ಹಾಲಿನ ಕೈಗೆ ಸಿಗದ ತೊಂದರೆಗಳು

ರಾತ್ರಿ 12ರವರೆಗೆ ಮೊಬೈಲ್ ನೋಡಿ ಫಜ್ರ್‌ಗೆ ಏಳುವವರಿಗೆ ಸಿಗುವುದು ಐದು ಗಂಟೆ ನಿದ್ರೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ಬೇಕು. ಈ ಕೊರತೆಯನ್ನು ಯಾವ ಹಾಲೂ ತುಂಬುವುದಿಲ್ಲ. ಹತ್ತು ಗಂಟೆಯೊಳಗೆ ಮಲಗುವುದೇ ಮದ್ದು.

ವಾರದಲ್ಲಿ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಕೆಟ್ಟಿದ್ದರೆ ಅದು ಕಾಯಿಲೆ. ಜೋರಾದ ಗೊರಕೆಯ ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವುದು, ಹಗಲು ಕೂತಲ್ಲೇ ತೂಕಡಿಸುವುದು, ಮನಸ್ಸು ಕುಗ್ಗಿ ಬೆಳಗಿನ ಜಾವವೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು ಇದ್ದರೆ ಮೂರು ತಿಂಗಳು ಕಾಯಲೂಬೇಡಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಅಲ್ಲಿಂದ ಕೊಪ್ಪಳದ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಕಳಿಸಬಹುದು. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ನಿದ್ರೆ ಮಾತ್ರೆ ಕೇಳಿ ತರಬೇಡಿ. ಅವು ಚಟವಾಗುತ್ತವೆ, ಹಿರಿಯರನ್ನು ಬೀಳಿಸುತ್ತವೆ.

ದಾದಿಯ ಲೋಟ ಹಾಗೆಯೇ ಇರಲಿ. ಅದು ನಿದ್ರೆಯ ಔಷಧವಲ್ಲ, ದಿನ ಮುಗಿಯಿತು ಎಂದು ಹೇಳುವ ಗುರುತು. ಲೋಟ ಚಿಕ್ಕದಿರಲಿ, ಸಕ್ಕರೆ ಬೇಡ, ಹೊತ್ತು ಸ್ವಲ್ಪ ಮುಂಚೆ ಇರಲಿ.