ಗೋಡೆ ದಪ್ಪವಾದರೆ ಸಾಲದು

ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಅದರ ಸಿಂಹದ ಬಾಯಿ. ಮುಂದಿನ ಸಲ ಹೋದರೆ ಆ ಬಾಯಿಯ ಅಂಚು ಎಷ್ಟು ದಪ್ಪ ಇದೆ ಎಂದು ನೋಡಿ. 1549ರಲ್ಲಿ ಎರಕ ಹೊಯ್ದ ಈ ಕಂಚಿನ ತೋಪಿನ ಒಳವ್ಯಾಸ ಸುಮಾರು 70 ಸೆಂ.ಮೀ., ಹೊರವ್ಯಾಸ ಸುಮಾರು ಒಂದೂವರೆ ಮೀಟರ್. ಗುಂಡಿನ ದಾರಿಯ ಸುತ್ತ ಎಲ್ಲ ಕಡೆ 40 ಸೆಂ.ಮೀ. ದಪ್ಪದ ಲೋಹ. ಆದರೆ ಮದ್ದು ಉರಿದ ಕ್ಷಣದಲ್ಲಿ ಆ ದಪ್ಪವೆಲ್ಲ ಸಮನಾಗಿ ದುಡಿಯುವುದಿಲ್ಲ. ಒಳಮೈ ಹೊರುವ ಎಳೆತದ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ ಹೊರಮೈ ಹೊರುತ್ತದೆ.

ಇದಕ್ಕೆ ಕಾರಣ ಸರಳ. ದಪ್ಪ ಕೊಳವೆಯನ್ನು ಒಂದರ ಹೊರಗೊಂದು ಅಂಟಿಕೊಂಡ ತೆಳು ಪದರಗಳೆಂದು ಭಾವಿಸಿ. ಒಳಗಿನ ಒತ್ತಡ ಎಲ್ಲ ಪದರಗಳನ್ನೂ ಹೊರಕ್ಕೆ ತಳ್ಳುತ್ತದೆ. ಒಳಪದರದ ಸುತ್ತಳತೆ ಚಿಕ್ಕದು, ಹೊರಪದರದ್ದು ದೊಡ್ಡದು. ಹೊರಕ್ಕೆ ಸರಿಯುವ ದೂರ ಎರಡಕ್ಕೂ ಒಂದೇ ಆಗಿದ್ದರೂ ಚಿಕ್ಕ ಸುತ್ತು ತನ್ನ ಅಳತೆಗೆ ಹೋಲಿಸಿದರೆ ಹೆಚ್ಚು ಹಿಗ್ಗಬೇಕಾಗುತ್ತದೆ. ನಿಜದಲ್ಲಿ ಹೊರಪದರ ಸರಿಯುವುದು ಇನ್ನೂ ಕಡಿಮೆ. ಸುತ್ತಿನ ಉದ್ದಕ್ಕೂ ಹುಟ್ಟುವ ಈ ಎಳೆತವೇ ಹೂಪ್ ಸ್ಟ್ರೆಸ್. ಕೊಳವೆಯನ್ನು ಉದ್ದಕ್ಕೆ ಸೀಳುವುದು ಇದೇ, ಸೀಳು ಸಾಮಾನ್ಯವಾಗಿ ಶುರುವಾಗುವುದು ಒಳಮೈಯಿಂದ. ಇದರ ಜೊತೆಗೆ ಪದರಗಳು ಒಂದನ್ನೊಂದು ಅದುಮುವ ಬಲವೂ ಇದೆ. ಅದು ರೇಡಿಯಲ್ ಸ್ಟ್ರೆಸ್. ಒಳಮೈಯಲ್ಲಿ ಅದು ಒಳಗಿನ ಒತ್ತಡದಷ್ಟೇ ಇರುತ್ತದೆ, ಹೊರಮೈಗೆ ಬರುವಷ್ಟರಲ್ಲಿ ಸೊನ್ನೆಯಾಗುತ್ತದೆ.

ಇವೆರಡರ ಲೆಕ್ಕವನ್ನು 1830ರ ದಶಕದಲ್ಲಿ ಬಿಡಿಸಿಟ್ಟವರು ಫ್ರಾನ್ಸಿನ ಎಂಜಿನಿಯರ್ ಗೇಬ್ರಿಯಲ್ ಲಾಮೆ ಮತ್ತು ಅವರ ಜೊತೆಗಾರ ಕ್ಲಾಪೆರೋನ್. ಒಳತ್ರಿಜ್ಯ a, ಹೊರತ್ರಿಜ್ಯ b, ಒಳಗಿನ ಒತ್ತಡ p ಆದರೆ, ಒಳಮೈಯ ಹೂಪ್ ಸ್ಟ್ರೆಸ್ ಇಷ್ಟು:

p × (b² + a²) / (b² − a²)

ಒಂದು ಉಕ್ಕಿನ ಕೊಳವೆ ತೆಗೆದುಕೊಳ್ಳೋಣ. ಒಳವ್ಯಾಸ 100 ಮಿ.ಮೀ., ಹೊರವ್ಯಾಸ 200 ಮಿ.ಮೀ. ಒಳಗಿನ ಒತ್ತಡ 100 ಮೆಗಾಪ್ಯಾಸ್ಕಲ್, ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಟನ್ ಭಾರ ಕೂತಂತೆ. ಒಳಮೈಯಲ್ಲಿ 167 ಮೆಗಾಪ್ಯಾಸ್ಕಲ್ ಎಳೆತ ಬರುತ್ತದೆ, ಹೊರಮೈಯಲ್ಲಿ 67. ಇಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿಯೊಂದಿದೆ. ಗೋಡೆಯ ಯಾವ ಜಾಗದಲ್ಲಿ ನೋಡಿದರೂ ಎಳೆತದಿಂದ ಅದುಮುವಿಕೆಯನ್ನು ಕಳೆದರೆ ಉಳಿಯುವುದು ಒಂದೇ ಸಂಖ್ಯೆ. ಒಳಮೈಯಲ್ಲಿ 167ರಿಂದ 100 ಕಳೆದರೆ 67. ಹೊರಮೈಯಲ್ಲಿ 67ರಿಂದ ಸೊನ್ನೆ ಕಳೆದರೂ 67. ಕೈಲೆಕ್ಕ ತಪ್ಪಿದೆಯೇ ಎಂದು ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

167 ಜಾಸ್ತಿಯಾಯಿತು ಎನಿಸಿದರೆ ಗೋಡೆಯನ್ನು ದಪ್ಪ ಮಾಡೋಣ ಎಂದು ಯಾರಿಗಾದರೂ ಹೊಳೆಯುತ್ತದೆ. ಹೊರವ್ಯಾಸವನ್ನು 400 ಮಿ.ಮೀ.ಗೆ ಏರಿಸಿ. ಲೋಹ ಐದು ಪಟ್ಟಾಯಿತು, ಒಳಮೈಯ ಎಳೆತ ಮಾತ್ರ 113ಕ್ಕೆ ಇಳಿದು ನಿಂತಿತು. ಇನ್ನೂ ದಪ್ಪ ಮಾಡುತ್ತ ಹೋದರೂ ಅದು 100ರ ಕೆಳಗೆ ಇಳಿಯುವುದೇ ಇಲ್ಲ. ಕೊಳವೆಯ ಬದಲು ಉಕ್ಕಿನ ಬೆಟ್ಟವನ್ನೇ ಕೊರೆದರೂ ಒಳಮೈಯ ಎಳೆತ ಒಳಗಿನ ಒತ್ತಡಕ್ಕಿಂತ ಕಡಿಮೆಯಾಗದು. ದಪ್ಪವೊಂದನ್ನೇ ನಂಬಿದವರಿಗೆ ಲಾಮೆಯ ಸೂತ್ರ ಎಳೆಯುವ ಗಡಿ ಇದು.

ಈ ಗಡಿಯನ್ನು ದಾಟುವ ಉಪಾಯ ಹೆಚ್ಚು ಲೋಹ ಹಾಕುವುದಲ್ಲ, ಇರುವ ಲೋಹವನ್ನೇ ಎರಡು ಭಾಗ ಮಾಡುವುದು. ಅದೇ 100 ಮತ್ತು 200 ಮಿ.ಮೀ.ಗಳ ಕೊಳವೆಯನ್ನು 140 ಮಿ.ಮೀ. ವ್ಯಾಸದಲ್ಲಿ ಒಳಕೊಳವೆ, ಹೊರಕೊಳವೆ ಎಂದು ಬೇರೆ ಮಾಡಿ. ಹೊರಗಿನದರ ರಂಧ್ರವನ್ನು ಒಳಗಿನದರ ಮೈಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕೊರೆಯಿರಿ. ಆಮೇಲೆ ಹೊರಗಿನದನ್ನು ಕಾಯಿಸಿ ತೊಡಿಸಿ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಹಾಕುವ ಹಾಗೆಯೇ ಇದೂ. ತಣ್ಣಗಾದಂತೆ ಹೊರಕೊಳವೆ ಕುಗ್ಗಿ ಒಳಗಿನದನ್ನು ಬಿಗಿಯುತ್ತದೆ. ಇದನ್ನೇ ಇಂಟರ್‌ಫಿಯರೆನ್ಸ್ ಫಿಟ್ ಎನ್ನುವುದು. 1850ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಆರ್ಮ್‌ಸ್ಟ್ರಾಂಗ್ ತಮ್ಮ ತೋಪುಗಳನ್ನು ಕಟ್ಟಿದ್ದು ಹೀಗೆ. ವಿಜಯಪುರದ ಉಪ್ಲಿ ಬುರುಜಿನ ಮೇಲಿರುವ ಉದ್ದನೆಯ ಕಬ್ಬಿಣದ ತೋಪೂ ಬಳೆಗಳನ್ನು ತೊಡಿಸಿ ಮಾಡಿದ್ದೇ. ಆದರೆ ಎರಡೂ ಒಂದೇ ಅಲ್ಲ. ಅಲ್ಲಿ ಒಳಗಿರುವುದು ಉದ್ದಕ್ಕೆ ಜೋಡಿಸಿದ ಕಬ್ಬಿಣದ ಪಟ್ಟಿಗಳು. ಸುತ್ತಿನ ಎಳೆತವನ್ನು ಪಟ್ಟಿಗಳು ಅಷ್ಟಾಗಿ ಹೊರಲಾರವು, ಬಹುಪಾಲು ಭಾರ ಬಳೆಗಳ ಮೇಲೆಯೇ ಬೀಳುತ್ತದೆ.

ನಮ್ಮ ಜೋಡಿಯಲ್ಲಿ ಹೊರಕೊಳವೆ ಒಳಗಿನದನ್ನು 10 ಮೆಗಾಪ್ಯಾಸ್ಕಲ್ ಒತ್ತಡದಿಂದ ಬಿಗಿದಿದೆ ಎನ್ನೋಣ. ಒಳಗೆ ಒತ್ತಡ ಬರುವ ಮೊದಲೇ ಒಳಮೈಯಲ್ಲಿ ಸುತ್ತಿನ ಉದ್ದಕ್ಕೂ 41ರಷ್ಟು ಅದುಮುವಿಕೆ ಕೂತಿರುತ್ತದೆ. 100 ಮೆಗಾಪ್ಯಾಸ್ಕಲ್ ಒತ್ತಡ ಬಂದಾಗ 167 ಎಳೆತವು ಮೊದಲು ಈ 41ನ್ನು ತೀರಿಸಬೇಕು, ಉಳಿಯುವುದು 126. ಹೊರಕೊಳವೆಗೆ ಬಿಗಿಯುವಿಕೆಯಿಂದ ಮೊದಲೇ ಬಂದಿದ್ದ ಎಳೆತವೂ ಸೇರಿ ಅದರ ಒಳಮೈಯಲ್ಲಿ 131 ಆಗುತ್ತದೆ. ಒಂದು ಗ್ರಾಂ ಲೋಹವನ್ನೂ ಸೇರಿಸದೆ ಅತಿ ಹೆಚ್ಚಿನ ಎಳೆತ 167ರಿಂದ 131ಕ್ಕೆ ಇಳಿಯಿತು. ಅತಿಯಾಸೆಯಿಂದ 20ರಷ್ಟು ಬಿಗಿದರೆ ಒಳಮೈಯಲ್ಲಿ 85 ಮಾತ್ರ ಉಳಿಯುತ್ತದೆ ನಿಜ, ಆದರೆ ಹೊರಕೊಳವೆಯಲ್ಲಿ 160ಕ್ಕೆ ಏರಿ ಲಾಭವೆಲ್ಲ ಕರಗುತ್ತದೆ.

10 ಮೆಗಾಪ್ಯಾಸ್ಕಲ್ ಬಿಗಿತಕ್ಕೆ ಬೇಕಾದ ವ್ಯತ್ಯಾಸ ಎಷ್ಟು ಗೊತ್ತೇ? 140 ಮಿ.ಮೀ. ವ್ಯಾಸದಲ್ಲಿ ಬರೀ 0.042 ಮಿ.ಮೀ. ಲೇತ್ ಮೇಲೆ 0.02 ಮಿ.ಮೀ. ಎಡವಟ್ಟಾದರೆ ಬಿಗಿತ ಅರ್ಧದಷ್ಟು ಏರುಪೇರಾಗುತ್ತದೆ. ಮೈ ತರಿತರಿಯಾಗಿದ್ದರೂ ಅದೇ ಕಷ್ಟ, ಏಕೆಂದರೆ ತೊಡಿಸುವಾಗ ತರಿಗಳ ತುದಿ ಚಪ್ಪಟೆಯಾಗಿ ಅಳತೆಯಲ್ಲಿದ್ದ ಬಿಗಿ ಕೆಲಸದಲ್ಲಿ ಸಿಗುವುದಿಲ್ಲ. ಕಾಯಿಸುವುದರಲ್ಲೂ ಲೆಕ್ಕವಿದೆ. 0.042 ಮಿ.ಮೀ. ಹಿಗ್ಗಲು 25 ಡಿಗ್ರಿ ಸಾಕು. ಆದರೆ ಸಲೀಸಾಗಿ ಜಾರಲು ಇನ್ನೊಂದು 0.15 ಮಿ.ಮೀ. ಬಿಡುವು ಬೇಕು, ಹಾಗಾಗಿ ಕೋಣೆಯ ಬಿಸಿಗಿಂತ 115 ಡಿಗ್ರಿ ಹೆಚ್ಚು ಕಾಯಿಸಬೇಕಾಗುತ್ತದೆ. ಬಿಡುವು ಕಡಿಮೆಯಿದ್ದರೆ, ಅಥವಾ ಕೈ ನಿಧಾನವಾದರೆ, ಕೊಳವೆ ಅರ್ಧದಾರಿಯಲ್ಲೇ ಕಚ್ಚಿ ನಿಲ್ಲುತ್ತದೆ. ಆಮೇಲೆ ಅದನ್ನು ಮುಂದಕ್ಕೂ ತಳ್ಳಲಾಗದು, ಹಿಂದಕ್ಕೂ ಎಳೆಯಲಾಗದು.

ಬಿಗಿತ ಸರಿಯಾಗಿ ಬಂತೇ ಎಂದು ಒಡೆಯದೆ ತಿಳಿಯಬಹುದು. ತೊಡಿಸುವ ಮೊದಲು ಒಳವ್ಯಾಸ, ಹೊರವ್ಯಾಸ ಎರಡನ್ನೂ ಮೈಕ್ರೋಮೀಟರಿನಿಂದ ಅಳೆದು ಬರೆದಿಡಿ. ಪೂರ್ತಿ ತಣಿದ ಮೇಲೆ ಮತ್ತೆ ಅಳೆಯಿರಿ. ನಮ್ಮ ಕೊಳವೆಯಲ್ಲಿ ಒಳರಂಧ್ರ 0.02 ಮಿ.ಮೀ. ಕಿರಿದಾಗಿರಬೇಕು, ಹೊರಮೈ ಹೆಚ್ಚುಕಡಿಮೆ ಅಷ್ಟೇ ಹಿಗ್ಗಿರಬೇಕು. ಒಂದು ತುದಿಯಲ್ಲಿ ಬದಲಾವಣೆ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಅಲ್ಲಿ ಬಿಗಿ ಸರಿಯಾಗಿ ಬಂದಿಲ್ಲ.

ಲಾಮೆಯ ಲೆಕ್ಕಕ್ಕೆ ಕಾಣದ ಜಾಗವೂ ಒಂದಿದೆ. ಎರಡೂ ಕೊಳವೆ ಒಂದೇ ಉದ್ದವೆಂದು ಅದು ನಂಬುತ್ತದೆ. ಹೊರಗಿನದು ಗಿಡ್ಡವಾಗಿದ್ದರೆ ಅದು ಮುಗಿಯುವ ಅಂಚಿನಲ್ಲಿ ಒತ್ತಡ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು. ರೈಲಿನ ಆಕ್ಸಲ್‌ಗಳ ತೊಂದರೆ ಇದೇ. ಬೆಂಗಳೂರಿನ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಗಾಲಿಯನ್ನು ಆಕ್ಸಲ್‌ಗೆ ಕೂರಿಸುವುದೂ ಇಂಟರ್‌ಫಿಯರೆನ್ಸ್ ಫಿಟ್ಟಿನಿಂದಲೇ, ಆದರೆ ಕಾಯಿಸದೆ ಪ್ರೆಸ್ಸಿನಲ್ಲಿ ಒತ್ತಿ. ಓಡುವ ಆಕ್ಸಲ್ ಪ್ರತಿ ಸುತ್ತಿಗೂ ಬಾಗುತ್ತದೆ, ಗಾಲಿಯ ಅಂಚಿನಲ್ಲಿ ಎರಡು ಲೋಹಗಳು ಸೂಕ್ಷ್ಮವಾಗಿ ಉಜ್ಜುತ್ತವೆ, ಅಲ್ಲಿಂದ ಬಿರುಕು ಹುಟ್ಟಬಹುದು. ಆ ಬಿರುಕು ಗಾಲಿಯ ಮರೆಯಲ್ಲಿರುವುದರಿಂದ ಕಣ್ಣಿಗೆ ಕಾಣದು. ಅದಕ್ಕೇ ಆಕ್ಸಲ್ಲಿನ ತುದಿಯಿಂದ ಅಲ್ಟ್ರಾಸಾನಿಕ್ ಅಲೆಗಳನ್ನು ಒಳಗೆ ಬಿಟ್ಟು, ಹಿಂದಿರುಗುವ ಪ್ರತಿಧ್ವನಿಯಲ್ಲಿ ಅದನ್ನು ಹುಡುಕುತ್ತಾರೆ.